ವಿಮಾನದಲ್ಲಿ ಕಳೆದ ಸಾಮಾನು: ದೂರು, ದಿನಗಣನೆ ಮತ್ತು ಪರಿಹಾರದ ಲೆಕ್ಕ

ವಿಮಾನದಲ್ಲಿ ಕಳೆದುಹೋದ ಸೂಟ್‌ಕೇಸಿಗೆ ಎಷ್ಟು ಪರಿಹಾರ ದೊರೆಯುತ್ತದೆ ಎಂಬುದು ಅದರೊಳಗಿದ್ದ ವಸ್ತುಗಳ ಬೆಲೆಯಿಂದಷ್ಟೇ ನಿರ್ಧಾರವಾಗುವುದಿಲ್ಲ. ಆ ವಸ್ತುಗಳು ಅದರಲ್ಲಿ ಇದ್ದವೆಂದು ಯಾವ ಕಾಗದ ಹೇಳುತ್ತದೆ, ದೂರು ಯಾವ ದಿನ ಲಿಖಿತವಾಗಿ ಸಂಸ್ಥೆಯನ್ನು ತಲುಪಿತು, ಕೇಳಿದ ಮೊತ್ತ ಕಾನೂನಿನ ಮಿತಿಯೊಳಗೆ ಹೇಗೆ ಹೊಂದಿಕೊಂಡಿದೆ ಎಂಬ ಮೂರು ಸಂಗತಿಗಳ ಮೇಲೆ ಅದು ನಿಂತಿದೆ. ಮಾದರಿ ಸರಕು, ಬೆಲೆಪಟ್ಟಿ ಮತ್ತು ಬಟ್ಟೆಬರೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೊರಡುವ ಸಣ್ಣ ಉದ್ಯಮಿಗೆ ಈ ವಿಷಯದ ತಿಳಿವಳಿಕೆ ಹೆಚ್ಚು ಅಗತ್ಯ. ಏಕೆಂದರೆ ಅವನ ಪೆಟ್ಟಿಗೆ ಕಳೆದಾಗ ಬಟ್ಟೆಯ ಜೊತೆಗೆ ಪ್ರಯಾಣದ ಉದ್ದೇಶವೂ ಕೈತಪ್ಪುತ್ತದೆ.

ಎರಡು ಪ್ರಯಾಣ, ಎರಡು ಮಿತಿ

ನಮ್ಮ ದೇಶದಲ್ಲಿ ವಿಮಾನ ಸಾಗಾಣಿಕೆಯ ಹೊಣೆಗಾರಿಕೆಯನ್ನು 1972ರ ವಿಮಾನ ಸಾಗಾಣಿಕೆ ಅಧಿನಿಯಮ ನಿಯಂತ್ರಿಸುತ್ತದೆ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದ ಬಳಿಕ, ಆ ಒಪ್ಪಂದ ಈ ಅಧಿನಿಯಮದ ಮೂರನೆಯ ಅನುಸೂಚಿಯಾಗಿ ಜಾರಿಯಲ್ಲಿದೆ. ಅಂತರರಾಷ್ಟ್ರೀಯ ಪ್ರಯಾಣದ ದೂರುಗಳಿಗೆಲ್ಲ ಇದೇ ಆಧಾರ.

ಒಪ್ಪಂದದ 17ನೇ ವಿಧಿಯ ಪ್ರಕಾರ, ವಿಮಾನ ಸಂಸ್ಥೆಯ ವಶಕ್ಕೆ ಒಪ್ಪಿಸಿದ ಚೆಕ್-ಇನ್ ಸಾಮಾನು ಆ ವಶದಲ್ಲಿದ್ದಾಗ ಕಳೆದರೆ ಅಥವಾ ಹಾಳಾದರೆ ಸಂಸ್ಥೆಯೇ ಹೊಣೆ. ಸಿಬ್ಬಂದಿಯ ತಪ್ಪನ್ನು ಪ್ರಯಾಣಿಕ ಸಾಬೀತುಪಡಿಸಬೇಕಾಗಿಲ್ಲ. ಕೈಚೀಲದ ವಿಷಯ ಬೇರೆ. ಅಲ್ಲಿ ಸಂಸ್ಥೆಯ ತಪ್ಪು ಇದ್ದಾಗ ಮಾತ್ರ ಹೊಣೆ ಬರುತ್ತದೆ. ಸಾಮಾನು ತಡವಾಗಿ ಬಂದುದರಿಂದ ಆದ ನಷ್ಟಕ್ಕೆ 19ನೇ ವಿಧಿ ಅನ್ವಯಿಸುತ್ತದೆ. ತಡವನ್ನು ತಪ್ಪಿಸಲು ಕೈಗೊಳ್ಳಬೇಕಾದ ಸಮಂಜಸ ಕ್ರಮಗಳನ್ನೆಲ್ಲ ಕೈಗೊಂಡಿದ್ದೆವೆಂದು ಸಂಸ್ಥೆ ತೋರಿಸಿದರೆ ಆ ಹೊಣೆಯಿಂದ ಪಾರಾಗಬಹುದು.

ಹೊಣೆಗೆ ಮಿತಿಯೂ ಇದೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಅದನ್ನು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕವಾದ ಎಸ್.ಡಿ.ಆರ್. ರೂಪದಲ್ಲಿ ಹೇಳಲಾಗುತ್ತದೆ. ಪ್ರತಿ ಪ್ರಯಾಣಿಕನಿಗೆ ಮೊದಲು 1,000 ಇದ್ದ ಮಿತಿ, 2009ರ ಕೊನೆಯಲ್ಲಿ 1,131, 2019ರ ಡಿಸೆಂಬರ್‌ನಲ್ಲಿ 1,288, 2024ರ ಡಿಸೆಂಬರ್ 28ರಿಂದ 1,519 ಎಸ್.ಡಿ.ಆರ್. ಆಗಿದೆ. ಒಂದು ಎಸ್.ಡಿ.ಆರ್.ಗೆ 120 ರೂಪಾಯಿ ಎಂದು ಹಿಡಿದರೆ ಇದು 1,82,280 ರೂಪಾಯಿ. ನಿಜವಾದ ದರ ದಿನದಿನಕ್ಕೆ ಬದಲಾಗುತ್ತದೆ. ಮಿತಿ ಇರುವುದು ಪ್ರಯಾಣಿಕನಿಗೆ, ಪೆಟ್ಟಿಗೆಗಲ್ಲ. ಒಬ್ಬನ ಎರಡು ಪೆಟ್ಟಿಗೆ ಕಳೆದರೂ ಮಿತಿ ಇಮ್ಮಡಿಯಾಗುವುದಿಲ್ಲ. ದೇಶದೊಳಗಿನ ಪ್ರಯಾಣಕ್ಕಾದರೆ 2014ರ ಜನವರಿಯ ಅಧಿಸೂಚನೆ ಪ್ರತಿ ಪ್ರಯಾಣಿಕನ ಸಾಮಾನಿಗೆ 20,000 ರೂಪಾಯಿಯ ಮಿತಿಯನ್ನು ನಿಗದಿಪಡಿಸಿತು. ಟಿಕೆಟ್ಟಿನ ಷರತ್ತುಗಳಲ್ಲಿ ಇನ್ನೂ ಹಳೆಯ ಅಂಕಿ ಇದ್ದರೆ, ಪರಿಷ್ಕೃತ ಅಂಕಿಯನ್ನು ಪ್ರಯಾಣಿಕನೇ ಪತ್ರದಲ್ಲಿ ಕಾಣಿಸುವುದು ಒಳ್ಳೆಯದು.

ಈ ಮೊತ್ತಗಳು ಗರಿಷ್ಠ ಮಿತಿಗಳೇ ಹೊರತು ನಿಗದಿತ ಪರಿಹಾರವಲ್ಲ. ಪೆಟ್ಟಿಗೆ ಕಳೆದ ಮಾತ್ರಕ್ಕೆ 1,519 ಎಸ್.ಡಿ.ಆರ್. ತಾನಾಗಿ ಸಲ್ಲುವುದಿಲ್ಲ. ಇದೇ ಒಪ್ಪಂದವನ್ನು ವ್ಯಾಖ್ಯಾನಿಸಿದ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ವ್ಯುಯೆಲಿಂಗ್ ವಿಮಾನ ಸಂಸ್ಥೆಯ ಪ್ರಕರಣದಲ್ಲಿ 2020ರಲ್ಲಿ ಈ ಮಾತನ್ನು ಸ್ಪಷ್ಟಪಡಿಸಿತು. ಪೆಟ್ಟಿಗೆಯಲ್ಲಿ ಏನಿತ್ತು, ಅದರ ಬೆಲೆ ಎಷ್ಟು ಎಂಬುದನ್ನು ತೋರಿಸುವ ಭಾರ ಪ್ರಯಾಣಿಕನದು. ಭಾರತದ ಆಯೋಗಗಳಿಗೆ ಆ ತೀರ್ಪು ಕಡ್ಡಾಯವಲ್ಲವಾದರೂ ವಿಮಾನ ಸಂಸ್ಥೆಗಳು ಮುಂದಿಡುವ ವಾದ ಇದೇ.

ಬಾಗೂರಿನಿಂದ ಫ್ರಾಂಕ್‌ಫರ್ಟ್‌ಗೆ: ಒಂದು ಉದಾಹರಣೆ

ವಿಷಯವನ್ನು ಲೆಕ್ಕಸಹಿತ ತಿಳಿಯಲು ಒಂದು ಕಲ್ಪಿತ ಉದಾಹರಣೆ ಅನುಕೂಲ. ಹೊಸದುರ್ಗ ತಾಲ್ಲೂಕು ತೆಂಗಿನ ಸೀಮೆ. ಅಲ್ಲಿನ ಬಾಗೂರಿನಲ್ಲಿ ತೆಂಗಿನ ನಾರಿನ ಕಾಲೊರಸು ಮತ್ತು ಕರಟದ ಬಟ್ಟಲುಗಳನ್ನು ತಯಾರಿಸುವ ಒಬ್ಬ ಸಣ್ಣ ಉದ್ಯಮಿ ಫೆಬ್ರವರಿಯಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಮೇಳವೊಂದಕ್ಕೆ ಹೊರಟಿದ್ದಾರೆಂದು ಭಾವಿಸಬಹುದು. ಒಂದೇ ಟಿಕೆಟ್ಟಿನ ಮೇಲೆ ಬೆಂಗಳೂರಿನಿಂದ ಗಲ್ಫ್‌ನ ಒಂದು ನಿಲ್ದಾಣದವರೆಗೆ ಒಂದು ಸಂಸ್ಥೆಯ ವಿಮಾನ, ಅಲ್ಲಿಂದ ಮುಂದಕ್ಕೆ ಇನ್ನೊಂದು ಸಂಸ್ಥೆಯ ವಿಮಾನ. ಬೆಂಗಳೂರಿನ ಕೌಂಟರಿನಲ್ಲಿ ತೂಗಿದಾಗ ಸೂಟ್‌ಕೇಸಿನ ತೂಕ 22 ಕಿಲೋ. ಫೆಬ್ರವರಿ 5ರ ಮಧ್ಯಾಹ್ನ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ನೋಡಿದರೆ ಸಾಮಾನಿನ ಪಟ್ಟಿ ಖಾಲಿಯಾಗಿ ಸುತ್ತುತ್ತಿದೆ. ಸೂಟ್‌ಕೇಸು ಬಂದಿಲ್ಲ.

ವಿಮಾನ ಬದಲಿಸುವ ಇಂಥ ಪ್ರಯಾಣದಲ್ಲಿಯೇ ಸಾಮಾನು ತಪ್ಪುವುದು ಹೆಚ್ಚು. ಮೊದಲ ವಿಮಾನ ತಡವಾದರೆ ಪ್ರಯಾಣಿಕ ಓಡಿ ಹೋಗಿ ಎರಡನೆಯದನ್ನು ಹಿಡಿಯಬಹುದು, ಪೆಟ್ಟಿಗೆ ಓಡಲಾರದು. ಹಾಗೆ ಹಿಂದುಳಿದ ಪೆಟ್ಟಿಗೆ ಸಾಮಾನ್ಯವಾಗಿ ಮುಂದಿನ ವಿಮಾನದಲ್ಲಿ ಬರುತ್ತದೆ. ಅದರ ಪಟ್ಟಿ ಹರಿದಿದ್ದರೆ ಅಥವಾ ಅದನ್ನು ಬೇರೊಂದು ಊರಿನ ವಿಮಾನಕ್ಕೆ ಏರಿಸಿದ್ದರೆ ಹುಡುಕಾಟ ದೀರ್ಘವಾಗುತ್ತದೆ.

ಇಬ್ಬರು ಸಾಗಣೆದಾರರಿದ್ದಾಗ ಯಾರನ್ನು ಕೇಳಬೇಕೆಂಬ ಪ್ರಶ್ನೆಗೆ 36ನೇ ವಿಧಿ ಉತ್ತರ ಕೊಡುತ್ತದೆ. ಸಾಮಾನಿನ ವಿಷಯದಲ್ಲಿ ಮೊದಲ ಸಂಸ್ಥೆ, ಕೊನೆಯ ಸಂಸ್ಥೆ ಹಾಗೂ ಯಾರ ಸಾಗಣೆಯಲ್ಲಿ ನಷ್ಟವಾಯಿತೋ ಆ ಸಂಸ್ಥೆ, ಇವರೆಲ್ಲರೂ ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು. ವ್ಯವಹಾರದಲ್ಲಿ ಕೊನೆಯ ಸಂಸ್ಥೆಗೆ ದೂರು ಕೊಟ್ಟು, ಅದರ ಪ್ರತಿಯನ್ನು ಮೊದಲನೆಯದಕ್ಕೂ ಕಳುಹಿಸುವುದು ಸುರಕ್ಷಿತ. ಹೀಗೆ ಮಾಡಿದರೆ “ಅವರನ್ನು ಕೇಳಿ” ಎಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಲು ಆಸ್ಪದವಿರುವುದಿಲ್ಲ.

ಮೊದಲ ಗಂಟೆಯ ಕಾಗದಗಳು

ಸಾಮಾನು ಬಾರದಿದ್ದರೆ ಹೊರಗಿನ ದ್ವಾರವನ್ನು ದಾಟುವ ಮುನ್ನವೇ ಸಂಸ್ಥೆಯ ಸಾಮಾನು ವಿಚಾರಣಾ ಕೌಂಟರಿಗೆ ಹೋಗಿ ಪಿ.ಐ.ಆರ್. ಎಂಬ ವರದಿಯನ್ನು ಬರೆಸಬೇಕು. ಇದಕ್ಕೆ ಹತ್ತು ಅಕ್ಷರ ಮತ್ತು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. FRAXX10234 ಎಂಬ ಮಾದರಿಯಲ್ಲಿ ಮೊದಲ ಮೂರು ಅಕ್ಷರ ವರದಿ ಬರೆದ ನಿಲ್ದಾಣವನ್ನೂ, ನಂತರದ ಎರಡು ವಿಮಾನ ಸಂಸ್ಥೆಯನ್ನೂ, ಉಳಿದ ಐದು ಅಂಕಿ ಕ್ರಮಸಂಖ್ಯೆಯನ್ನೂ ಸೂಚಿಸುತ್ತವೆ. ವರ್ಲ್ಡ್‌ಟ್ರೇಸರ್ ಎಂಬ ಜಾಗತಿಕ ಹುಡುಕಾಟ ವ್ಯವಸ್ಥೆಯಲ್ಲಿ ಈ ಸಂಖ್ಯೆಯೇ ಕಡತದ ಹೆಸರು.

ವರದಿಯಲ್ಲಿ ಪೆಟ್ಟಿಗೆಯ ಬಣ್ಣ, ಬಗೆ, ಚಕ್ರ, ಬ್ರಾಂಡಿನ ಹೆಸರುಗಳ ಜೊತೆಗೆ ಒಳಗಿನ ಒಂದೆರಡು ವಿಶೇಷ ವಸ್ತುಗಳನ್ನೂ ಬರೆಸಬೇಕು. ಕಪ್ಪು ಸೂಟ್‌ಕೇಸುಗಳು ನೂರಾರು ಇರುತ್ತವೆ. ತೆಂಗಿನ ಕರಟದ ನಲವತ್ತು ಬಟ್ಟಲುಗಳಿರುವುದು ಒಂದೇ. ಪಟ್ಟಿ ಹರಿದ ಪೆಟ್ಟಿಗೆಯನ್ನು ಯಾವುದೋ ನಿಲ್ದಾಣದಲ್ಲಿ ತೆರೆದು ನೋಡಿದಾಗ ಮಾಲೀಕನನ್ನು ಗುರುತಿಸಲು ನೆರವಾಗುವುದು ಇಂಥ ವಿವರವೇ.

ಚೆಕ್-ಇನ್ ಸಮಯದಲ್ಲಿ ಬೋರ್ಡಿಂಗ್ ಪಾಸಿಗೆ ಅಂಟಿಸಿ ಕೊಡುವ ಹತ್ತು ಅಂಕಿಯ ಸಾಮಾನು ಚೀಟಿಯನ್ನು ಕೌಂಟರಿನಲ್ಲಿ ಒಪ್ಪಿಸಿ ಬರಬಾರದು. ಅದರ ಛಾಯಾಪ್ರತಿಯನ್ನಷ್ಟೇ ಕೊಡಬೇಕು. ಸಾಮಾನನ್ನು ಸಂಸ್ಥೆ ವಶಕ್ಕೆ ಪಡೆದಿತ್ತೆಂಬುದಕ್ಕೆ ಪ್ರಯಾಣಿಕನ ಕೈಯಲ್ಲಿರುವ ಮುಖ್ಯ ಸಾಕ್ಷ್ಯ ಅದು. ಆ ಚೀಟಿಯ ಸಂಖ್ಯೆಯಿಂದ ಸಾಮಾನು ಕೊನೆಯದಾಗಿ ಎಲ್ಲಿ ದಾಖಲಾಯಿತೆಂದು ಕೇಳುವುದೂ ಸಾಧ್ಯ. ಅಂತರರಾಷ್ಟ್ರೀಯ ವಿಮಾನ ಸಾಗಾಣಿಕೆ ಸಂಘದ 753ನೇ ನಿರ್ಣಯದಂತೆ, 2018ರ ಜೂನ್‌ನಿಂದ ಸದಸ್ಯ ಸಂಸ್ಥೆಗಳು ಸ್ವೀಕಾರ, ವಿಮಾನಕ್ಕೆ ಏರಿಸುವಿಕೆ, ವರ್ಗಾವಣೆ ಮತ್ತು ತಲುಪಿಸುವಿಕೆ ಎಂಬ ನಾಲ್ಕು ಹಂತಗಳಲ್ಲಿ ಸಾಮಾನಿನ ಜಾಡನ್ನು ಇಡಬೇಕಾಗಿದೆ. “ಈ ನಾಲ್ಕರಲ್ಲಿ ಕೊನೆಯ ದಾಖಲೆ ಯಾವುದು?” ಎಂದು ಪತ್ರದಲ್ಲಿ ನೇರವಾಗಿ ಕೇಳಬೇಕು. ಉತ್ತರ ಬಂದರೆ ಹುಡುಕಾಟಕ್ಕೆ ನೆರವು. ಬಾರದಿದ್ದರೆ ಆ ಮೌನವೂ ಮುಂದೆ ಆಯೋಗದ ಮುಂದೆ ಸಾಕ್ಷ್ಯವಾಗುತ್ತದೆ.

ಪಿ.ಐ.ಆರ್. ಬರೆಸಿದ ಮಾತ್ರಕ್ಕೆ ಪರಿಹಾರ ಕೇಳಿದಂತಾಯಿತೆಂಬ ಭಾವನೆ ಅನೇಕರಲ್ಲಿದೆ. ಅದು ಸಾಮಾನು ಬಂದಿಲ್ಲವೆಂಬ ವರದಿ ಮಾತ್ರ, ಮೊತ್ತ ಕೇಳುವ ಹಕ್ಕೊತ್ತಾಯವಲ್ಲ. ಹಕ್ಕೊತ್ತಾಯದ ಪತ್ರವನ್ನು ಪ್ರತ್ಯೇಕವಾಗಿ ಬರೆಯಬೇಕು.

ದಿನಗಣನೆ

ಉದಾಹರಣೆಯ ಉದ್ಯಮಿಯ ದಿನಗಳು ಹೀಗೆ ಸಾಗುತ್ತವೆ.

ಫೆಬ್ರವರಿ 5: ಸಾಮಾನು ಬಾರದಿರುವುದು ಗೊತ್ತಾಗುತ್ತದೆ; ಪಿ.ಐ.ಆರ್. ಬರೆಸಲಾಗುತ್ತದೆ.

ಫೆಬ್ರವರಿ 6: ಸಂಸ್ಥೆಗೆ ಇ-ಮೇಲ್ ಮೂಲಕ ಮೊದಲ ಲಿಖಿತ ದೂರು. ಮೇಳದ ದಿನಾಂಕ, ಮಾದರಿಗಳು ಅದೇ ಪೆಟ್ಟಿಗೆಯಲ್ಲಿರುವ ಸಂಗತಿ, ತುರ್ತು ಖರೀದಿಗೆ ಎಷ್ಟು ಮರುಪಾವತಿ ದೊರೆಯುವುದೆಂಬ ಪ್ರಶ್ನೆ ಇದರಲ್ಲಿರಬೇಕು.

ಫೆಬ್ರವರಿ 6ರಿಂದ 9: ಅಗತ್ಯ ಬಟ್ಟೆ ಖರೀದಿ, ಕ್ಯಾಟಲಾಗ್ ಮರುಮುದ್ರಣ. ಪ್ರತಿಯೊಂದಕ್ಕೂ ರಸೀದಿ.

ಫೆಬ್ರವರಿ 10: ಐದು ದಿನ ಕಳೆದರೂ ಪೆಟ್ಟಿಗೆ ಸಿಕ್ಕಿಲ್ಲ. ಒಳಗಿನ ವಸ್ತುಗಳ ವಿವರವಾದ ಪಟ್ಟಿಯನ್ನು ಸಂಸ್ಥೆಯ ನಮೂನೆಯಲ್ಲಿ ಕಳುಹಿಸಲಾಗುತ್ತದೆ.

ಫೆಬ್ರವರಿ 11: ಊರಿಗೆ ಹಿಂದಿರುಗುವುದು. ತಲುಪಿಸಬೇಕಾದ ವಿಳಾಸವನ್ನು ಬಾಗೂರಿಗೆ ಬದಲಾಯಿಸಿ ಪತ್ರ. ಹೀಗೆ ಮಾಡದಿದ್ದರೆ ಸಿಕ್ಕ ಪೆಟ್ಟಿಗೆ ಫ್ರಾಂಕ್‌ಫರ್ಟ್‌ನ ಹೋಟೆಲಿಗೆ ಹೋಗಿ ಅಲ್ಲಿಂದ ಮರಳುತ್ತದೆ.

ಫೆಬ್ರವರಿ 26: ಸಾಮಾನು ಬರಬೇಕಾಗಿದ್ದ ದಿನದಿಂದ 21 ದಿನ ಪೂರ್ಣ.

ಫೆಬ್ರವರಿ 27: ನಷ್ಟದ ಅಂತಿಮ ಹಕ್ಕೊತ್ತಾಯ.

ಈ 21 ದಿನಗಳ ಅರ್ಥವನ್ನು ಸರಿಯಾಗಿ ತಿಳಿಯಬೇಕು. 17ನೇ ವಿಧಿಯ ಪ್ರಕಾರ, ಸಂಸ್ಥೆ ತಾನೇ ನಷ್ಟವನ್ನು ಒಪ್ಪಿಕೊಂಡರೆ ಅಥವಾ ಬರಬೇಕಾಗಿದ್ದ ದಿನದಿಂದ 21 ದಿನ ಕಳೆದರೂ ಸಾಮಾನು ಬಾರದಿದ್ದರೆ, ಪ್ರಯಾಣಿಕ ಅದನ್ನು ಕಳೆದುಹೋದ ಸಾಮಾನೆಂದು ಪರಿಗಣಿಸಿ ಪರಿಹಾರ ಕೇಳಬಹುದು. “ಇನ್ನೂ ಹುಡುಕುತ್ತಿದ್ದೇವೆ” ಎಂಬ ಉತ್ತರ ಆ ಹಕ್ಕನ್ನು ತಡೆಯುವುದಿಲ್ಲ.

31ನೇ ವಿಧಿಯಲ್ಲಿ ಇನ್ನೊಂದು 21 ದಿನಗಳ ಅವಧಿ ಇದೆ. ಅದರ ಲೆಕ್ಕ ಬೇರೆ. ಪೆಟ್ಟಿಗೆ ತಡವಾಗಿಯಾದರೂ ಬಂದರೆ, ಅದು ಕೈಸೇರಿದ ದಿನದಿಂದ 21 ದಿನಗಳೊಳಗೆ ತಡದ ಬಗ್ಗೆ ಲಿಖಿತ ದೂರು ಹೋಗಿರಬೇಕು. ಬಂದ ಪೆಟ್ಟಿಗೆ ಒಡೆದಿದ್ದರೆ ಕಾಲಾವಕಾಶ 7 ದಿನ ಮಾತ್ರ. ಬೀಗ ಮುರಿದು ಒಳಗಿನ ವಸ್ತು ಕಾಣೆಯಾಗಿದ್ದರೂ ಈ ಏಳು ದಿನಗಳನ್ನೇ ಗಡುವೆಂದು ಎಣಿಸುವುದು ಕ್ಷೇಮ. ಅವಧಿ ಮೀರಿದರೆ, ಸಂಸ್ಥೆ ವಂಚನೆ ಎಸಗಿದ್ದರ ಹೊರತು, ಮೊಕದ್ದಮೆಯ ಹಕ್ಕೇ ಹೋಗುತ್ತದೆ. ಪೆಟ್ಟಿಗೆ ಬಂದ ಸಂತೋಷದಲ್ಲಿ ಸಹಿ ಹಾಕಿ ಅದನ್ನು ಮೂಲೆಗಿಟ್ಟು, ಹತ್ತು ದಿನಗಳ ಬಳಿಕ ತೆರೆದು ನೋಡುವವರು ಸೋಲುವುದು ಇಲ್ಲಿಯೇ. ಕೊರಿಯರ್ ನೌಕರನ ಎದುರಿನಲ್ಲಿಯೇ ತೆರೆದು, ತೂಗಿ, ಕೊರತೆಯಿದ್ದರೆ ರಸೀದಿಯ ಮೇಲೆಯೇ ಬರೆಯಬೇಕು.

ನ್ಯಾಯಾಲಯಕ್ಕೆ ಹೋಗುವುದಾದರೆ 35ನೇ ವಿಧಿ ಎರಡು ವರ್ಷಗಳ ಗಡುವನ್ನು ವಿಧಿಸುತ್ತದೆ. ಅದನ್ನು ಗಮ್ಯಸ್ಥಾನ ತಲುಪಿದ ದಿನದಿಂದ, ಅಂದರೆ ಇಲ್ಲಿ ಫೆಬ್ರವರಿ 5ರಿಂದಲೇ, ಎಣಿಸಿಕೊಳ್ಳಬೇಕು. ಸಂಸ್ಥೆಯೊಡನೆ ಪತ್ರ ವ್ಯವಹಾರ ನಡೆಯುತ್ತಿದೆಯೆಂಬ ಕಾರಣಕ್ಕೆ ಈ ಗಡುವು ಮುಂದಕ್ಕೆ ಹೋಗುವುದಿಲ್ಲ.

ಸಾಮಾನಿನ ಪಟ್ಟಿ

ಹಕ್ಕೊತ್ತಾಯದ ಜೀವಾಳ ಈ ಪಟ್ಟಿ. ಪ್ರತಿ ವಸ್ತುವಿಗೆ ಸಂಖ್ಯೆ, ಕೊಂಡ ಕಾಲ, ಕೇಳುವ ಬೆಲೆ ಮತ್ತು ಆಧಾರ ಇರಬೇಕು. ಉದ್ಯಮಿಯ ಪಟ್ಟಿ ಹೀಗಿದೆ ಎನ್ನಬಹುದು.

1. ಸೂಟ್‌ಕೇಸು, ಒಂದೂವರೆ ವರ್ಷ ಹಳೆಯದು, ಕೊಂಡ ಬೆಲೆ ರೂ. 6,500, ಕೇಳಿದ್ದು ರೂ. 4,500. ಆಧಾರ: ಅಂಗಡಿಯ ಬಿಲ್ಲು.
2. ಅಂಗಿ, ಪ್ಯಾಂಟು ನಾಲ್ಕು ಜೊತೆ, ರೂ. 10,000. ಆಧಾರ: ಎರಡು ಬಿಲ್ಲು, ಉಳಿದವಕ್ಕೆ ಬ್ಯಾಂಕ್ ಲೆಕ್ಕಪಟ್ಟಿ.
3. ಕೋಟು ಒಂದು, ರೂ. 7,000. ಆಧಾರ: ಬಿಲ್ಲು.
4. ಬೂಟು ಒಂದು ಜೊತೆ, ರೂ. 2,500. ಆಧಾರ: ಬ್ಯಾಂಕ್ ಲೆಕ್ಕಪಟ್ಟಿ.
5. ಚಳಿಗಾಲದ ಮೇಲಂಗಿ, ಪ್ರಯಾಣಕ್ಕೆಂದೇ ಕೊಂಡ ಹೊಸದು, ರೂ. 8,000. ಆಧಾರ: ಬಿಲ್ಲು.
6. ನಾರಿನ ಕಾಲೊರಸು 8, ತಲಾ ರೂ. 900, ರೂ. 7,200. ಆಧಾರ: ತಯಾರಿಕಾ ವೆಚ್ಚದ ಪತ್ರ.
7. ಕರಟದ ಬಟ್ಟಲು 40, ತಲಾ ರೂ. 150, ರೂ. 6,000. ಆಧಾರ: ಅದೇ.
8. ಮುದ್ರಿತ ಕ್ಯಾಟಲಾಗ್ 100, ತಲಾ ರೂ. 90, ರೂ. 9,000. ಆಧಾರ: ಮುದ್ರಣಾಲಯದ ಬಿಲ್ಲು.
9. ಔಷಧಿ ಮತ್ತು ಹೆಚ್ಚುವರಿ ಕನ್ನಡಕ, ರೂ. 4,800. ಆಧಾರ: ಬಿಲ್ಲು.

ಒಟ್ಟು ರೂ. 59,000.

ಹಳೆಯ ವಸ್ತುವಿಗೆ ಹೊಸದರ ಬೆಲೆ ಕೇಳದೆ ಸವಕಳಿ ಕಳೆದಿರುವುದನ್ನು ಗಮನಿಸಬೇಕು. ಸಂಸ್ಥೆ ಹೇಗೂ ಸವಕಳಿ ಕಳೆಯುತ್ತದೆ. ಪ್ರಯಾಣಿಕನೇ ನ್ಯಾಯವಾಗಿ ಕಳೆದಿದ್ದರೆ ಉಳಿದ ಪಟ್ಟಿಯ ಮೇಲಿನ ನಂಬಿಕೆ ಹೆಚ್ಚುತ್ತದೆ.

ಪಟ್ಟಿಯನ್ನು ಪರೀಕ್ಷಿಸಲು ಸಂಸ್ಥೆಗೆ ಒಂದು ಸರಳ ಉಪಾಯವಿದೆ: ತೂಕ. ಇಲ್ಲಿ ಸೂಟ್‌ಕೇಸು ಮೂರೂವರೆ ಕಿಲೋ, ಬಟ್ಟೆ ಬೂಟುಗಳು ಆರು ಕಿಲೋ, ಕಾಲೊರಸುಗಳು ತಲಾ 600 ಗ್ರಾಂನಂತೆ 4.8 ಕಿಲೋ, ಬಟ್ಟಲುಗಳು ತಲಾ 80 ಗ್ರಾಂನಂತೆ 3.2 ಕಿಲೋ, ಕ್ಯಾಟಲಾಗ್ ತಲಾ 40 ಗ್ರಾಂನಂತೆ 4 ಕಿಲೋ, ಔಷಧಿ ಕನ್ನಡಕ ಅರ್ಧ ಕಿಲೋ. ಒಟ್ಟು 22 ಕಿಲೋ, ಕೌಂಟರಿನ ದಾಖಲೆಗೆ ಸರಿಹೊಂದುತ್ತದೆ. ಕ್ಯಾಟಲಾಗ್ 300 ಇದ್ದವೆಂದು ಬರೆದಿದ್ದರೆ ತೂಕ ಎಂಟು ಕಿಲೋ ಹೆಚ್ಚಾಗಿ, ಒಂದು ಸುಳ್ಳು ಇಡೀ ಪಟ್ಟಿಯನ್ನು ಕೆಡಿಸುತ್ತಿತ್ತು.

ಸ್ವಂತ ತಯಾರಿಕೆಯ ಮಾದರಿಗಳಿಗೆ ಖರೀದಿ ಬಿಲ್ಲು ಇರುವುದಿಲ್ಲ. ಅವಕ್ಕೆ ಕಚ್ಚಾವಸ್ತು, ಕೂಲಿ, ಅಚ್ಚು, ಪ್ಯಾಕಿಂಗ್ ಖರ್ಚುಗಳನ್ನು ತೋರಿಸುವ ವೆಚ್ಚಪತ್ರವನ್ನು ಲೆಕ್ಕಪರಿಶೋಧಕರಿಂದ ದೃಢೀಕರಿಸಿ ಕೊಡಬಹುದು. ಮಾರಾಟದ ಬೆಲೆ ಕೇಳಿದರೆ ತಕರಾರು ಬರುವ ಸಂಭವ ಹೆಚ್ಚು. ಜಿ.ಎಸ್.ಟಿ. ನೋಂದಣಿಯಿರುವವರು ಇನ್ನೊಂದು ಅಂಶವನ್ನು ನೆನಪಿಡಬೇಕು. ಕಳೆದುಹೋದ ಸರಕಿನ ಮೇಲೆ ಹೂಡುವಳಿ ತೆರಿಗೆಯ ಜಮೆ ದೊರೆಯದೆಂದು ಜಿ.ಎಸ್.ಟಿ. ಕಾಯಿದೆಯ 17(5)ನೇ ಕಲಂ ಹೇಳುತ್ತದೆ. ಆದ್ದರಿಂದ ಆ ಜಮೆಯನ್ನು ಹಿಂದಿರುಗಿಸಬೇಕಾದ ಉದ್ಯಮಿ, ತೆರಿಗೆಯನ್ನೂ ತನ್ನ ವೆಚ್ಚವೆಂದು ಪಟ್ಟಿಯಲ್ಲಿ ತೋರಿಸಬಹುದು.

ಪಾಲುದಾರರಿಬ್ಬರು ಜೊತೆಯಾಗಿ ಹೋಗಿ ಒಂದೇ ಪೆಟ್ಟಿಗೆಯಲ್ಲಿ ಇಬ್ಬರ ಸಾಮಾನು ಇಟ್ಟಿದ್ದರೆ? ಯುರೋಪಿಯನ್ ನ್ಯಾಯಾಲಯ 2012ರ ಎಸ್ಪಾದಾ ಸಾಂಚೆಸ್ ಪ್ರಕರಣದಲ್ಲಿ, ಇನ್ನೊಬ್ಬರ ಹೆಸರಿನ ಪೆಟ್ಟಿಗೆಯಲ್ಲಿ ತನ್ನ ವಸ್ತುಗಳಿದ್ದವೆಂದು ಸಾಬೀತುಪಡಿಸುವ ಪ್ರಯಾಣಿಕನಿಗೂ ಪ್ರತ್ಯೇಕವಾಗಿ ಪರಿಹಾರದ ಹಕ್ಕಿದೆಯೆಂದು ಹೇಳಿತು. ಹೀಗಾದಾಗ ಇಬ್ಬರೂ ಬೇರೆ ಬೇರೆ ಪಟ್ಟಿಗಳನ್ನು ಕೊಡಬೇಕು.

ಎಷ್ಟು ಕೇಳುವುದು?

ವಸ್ತುಗಳ ಬೆಲೆಗೆ ತುರ್ತು ಖರ್ಚು ಸೇರುತ್ತದೆ. ಉದ್ಯಮಿ ಫ್ರಾಂಕ್‌ಫರ್ಟ್‌ನಲ್ಲಿ ಬಟ್ಟೆ ಮತ್ತು ದಿನಬಳಕೆಯ ವಸ್ತುಗಳಿಗೆ 210 ಯುರೋ, ಕ್ಯಾಟಲಾಗ್ ಮರುಮುದ್ರಣಕ್ಕೆ 140 ಯುರೋ, ನಿಲ್ದಾಣಕ್ಕೆ ಅಲೆದಾಟ ಮತ್ತು ದೂರವಾಣಿಗೆ 50 ಯುರೋ, ಒಟ್ಟು 400 ಯುರೋ ವೆಚ್ಚ ಮಾಡಿದ್ದಾರೆ. ಲೆಕ್ಕದ ಅನುಕೂಲಕ್ಕೆ ಯುರೋಗೆ 100 ರೂಪಾಯಿಯಂತೆ ರೂ. 40,000. ಒಟ್ಟು ಹಕ್ಕೊತ್ತಾಯ ರೂ. 99,000. ಇದು ಮಿತಿಯಾದ 1,82,280 ರೂಪಾಯಿಯೊಳಗಿದೆ.

ಇಲ್ಲಿ ಎರಡು ಕಡೆ ತಕರಾರು ಬರಬಹುದು. ತುರ್ತಾಗಿ ಕೊಂಡ ಬಟ್ಟೆ ಪ್ರಯಾಣಿಕನ ಬಳಿಯೇ ಉಳಿದಿದೆ, ಆದ್ದರಿಂದ ಅದರ ಒಂದು ಪಾಲನ್ನು ಕಳೆಯಬೇಕೆಂದು ಸಂಸ್ಥೆ ಹೇಳಬಹುದು. ಹಾಗೆಯೇ ಕಳೆದ ಕ್ಯಾಟಲಾಗಿಗೂ ಮರುಮುದ್ರಿಸಿದ ಕ್ಯಾಟಲಾಗಿಗೂ ಎರಡು ಬಾರಿ ಹಣ ಏಕೆಂದು ಕೇಳಬಹುದು. ಮರುಮುದ್ರಿಸಿದ್ದು ಮೇಳಕ್ಕೆ ಬೇಕಾದ ಕೆಲವೇ ಪ್ರತಿಗಳೆಂದೂ, ವಿದೇಶದ ತುರ್ತು ಮುದ್ರಣಕ್ಕೆ ಹೆಚ್ಚು ದರ ತೆರಬೇಕಾಯಿತೆಂದೂ ಮೊದಲೇ ಬರೆದಿದ್ದರೆ ಉತ್ತರ ಸಿದ್ಧವಿರುತ್ತದೆ.

ಮೇಳದಲ್ಲಿ ದೊರೆಯಬಹುದಾಗಿದ್ದ ಆದೇಶಗಳ ಲಾಭವೆಂದು ಐದು ಲಕ್ಷ ಸೇರಿಸುವ ಮನಸ್ಸಾಗುವುದು ಸಹಜ. ಆದರೆ ಮಿತಿ ಎಲ್ಲ ಬಗೆಯ ನಷ್ಟಕ್ಕೂ ಸೇರಿ ಒಂದೇ. ಮನಃಕ್ಲೇಶದ ಪರಿಹಾರವೂ ಅದರೊಳಗೇ ಬರುತ್ತದೆಂದು ಯುರೋಪಿಯನ್ ನ್ಯಾಯಾಲಯ 2010ರ ವಾಲ್ಜ್ ಪ್ರಕರಣದಲ್ಲಿ ತೀರ್ಮಾನಿಸಿತ್ತು. ದಂಡನೆಯ ಸ್ವರೂಪದ ಪರಿಹಾರವನ್ನು 29ನೇ ವಿಧಿ ಸ್ಪಷ್ಟವಾಗಿ ನಿಷೇಧಿಸುತ್ತದೆ. ನಷ್ಟವಾಗಲೆಂಬ ಉದ್ದೇಶದಿಂದ ಅಥವಾ ನಷ್ಟವಾಗುವುದೆಂದು ತಿಳಿದೂ ಬೇಜವಾಬ್ದಾರಿಯಿಂದ ಸಂಸ್ಥೆ ವರ್ತಿಸಿದ್ದು ಸಾಬೀತಾದರೆ ಮಾತ್ರ ಮಿತಿ ಮುರಿಯುತ್ತದೆ. ಸಾಮಾನ್ಯ ಗೊಂದಲದಿಂದ ಕಳೆದ ಪೆಟ್ಟಿಗೆಯಲ್ಲಿ ಅಂಥ ಸಾಕ್ಷ್ಯ ದೊರೆಯುವುದು ವಿರಳ.

ದೂರಿನ ಪತ್ರ

ಪತ್ರ ಒಂದೂವರೆ ಪುಟ ಮೀರಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಕಳುಹಿಸುವುದು ರೂಢಿ. ಅದರ ಒಕ್ಕಣೆ ಕನ್ನಡದಲ್ಲಿ ಹೀಗಿರುತ್ತದೆ.

“ವಿಷಯ: ಕಳೆದುಹೋದ ಚೆಕ್-ಇನ್ ಸಾಮಾನಿಗೆ ಪರಿಹಾರ. ಪಿ.ಐ.ಆರ್. ಸಂಖ್ಯೆ FRAXX10234, ಸಾಮಾನು ಚೀಟಿಯ ಸಂಖ್ಯೆ, ಟಿಕೆಟ್ ಸಂಖ್ಯೆ ಲಗತ್ತಿನಲ್ಲಿದೆ.

ಮಾನ್ಯರೆ, ಫೆಬ್ರವರಿ 5ರಂದು ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಪ್ರಯಾಣಿಸಿದಾಗ ಬೆಂಗಳೂರಿನಲ್ಲಿ ತಮ್ಮ ವಶಕ್ಕೆ ಒಪ್ಪಿಸಿದ 22 ಕಿಲೋ ತೂಕದ ಒಂದು ಸೂಟ್‌ಕೇಸು ನನಗೆ ತಲುಪಿಲ್ಲ. ಅದೇ ದಿನ ವರದಿ ಬರೆಸಿದ್ದೇನೆ. ಫೆಬ್ರವರಿ 6 ಮತ್ತು 10ರಂದು ಲಿಖಿತವಾಗಿ ತಿಳಿಸಿದ್ದೇನೆ. ಫೆಬ್ರವರಿ 26ಕ್ಕೆ 21 ದಿನ ಪೂರ್ಣಗೊಂಡಿರುವುದರಿಂದ, ಮಾಂಟ್ರಿಯಲ್ ಒಪ್ಪಂದದ 17(3)ನೇ ವಿಧಿಯಂತೆ ಈ ಸಾಮಾನನ್ನು ಕಳೆದುಹೋದುದೆಂದು ಪರಿಗಣಿಸಿದ್ದೇನೆ.

ಕಳೆದ ವಸ್ತುಗಳ ಪಟ್ಟಿ ರೂ. 59,000ಕ್ಕೂ, ಅನಿವಾರ್ಯ ಖರ್ಚಿನ ಪಟ್ಟಿ 400 ಯುರೋಗೂ ಇದೆ. ಎರಡಕ್ಕೂ ರಸೀದಿಗಳನ್ನು ಲಗತ್ತಿಸಿದೆ. ಈ ಮೊತ್ತ ಒಪ್ಪಂದದ 22(2)ನೇ ವಿಧಿಯ 1,519 ಎಸ್.ಡಿ.ಆರ್. ಮಿತಿಯೊಳಗಿದೆ. ಸಾಮಾನಿನ ಜಾಡಿನ ಕೊನೆಯ ದಾಖಲೆ ಯಾವ ನಿಲ್ದಾಣದ್ದು ಎಂಬುದನ್ನೂ ತಿಳಿಸಬೇಕು. 30 ದಿನಗಳೊಳಗೆ ಪಾವತಿ ಆಗದಿದ್ದರೆ ಗ್ರಾಹಕ ಆಯೋಗವನ್ನು ಸಂಪರ್ಕಿಸುತ್ತೇನೆ.”

ಇದರಲ್ಲಿ ಕೋಪದ ಮಾತಿಗೆ ಸ್ಥಳವಿಲ್ಲ. ದಿನಾಂಕ, ವಿಧಿ, ಮೊತ್ತ ಮತ್ತು ಲಗತ್ತುಗಳಿದ್ದರೆ ಸಾಕು. ಸಂಸ್ಥೆ ಕಡಿಮೆ ಮೊತ್ತದ ಚೆಕ್ಕಿನೊಂದಿಗೆ “ಪೂರ್ಣ ಮತ್ತು ಅಂತಿಮ ಇತ್ಯರ್ಥ” ಎಂಬ ಪತ್ರಕ್ಕೆ ಸಹಿ ಕೇಳಿದರೆ, ಸಹಿಯ ಬಳಿಕ ಉಳಿದ ಮೊತ್ತ ಕೇಳುವುದು ಬಹಳ ಕಷ್ಟವೆಂಬುದನ್ನು ಅರಿತು ನಿರ್ಧರಿಸಬೇಕು.

ಸಂಸ್ಥೆ ಒಪ್ಪದಿದ್ದರೆ

ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ವ್ಯವಸ್ಥೆಯಲ್ಲಿ ದೂರು ದಾಖಲಿಸಬಹುದು. ಅದು ಸಂಸ್ಥೆಯಿಂದ ಉತ್ತರ ಪಡೆಯಲು ಉಪಯುಕ್ತ. ಪರಿಹಾರ ನಿರ್ಣಯಿಸುವ ನ್ಯಾಯಪೀಠ ಅಲ್ಲ. ನಿರ್ಣಯಕ್ಕೆ ಗ್ರಾಹಕ ಆಯೋಗವೇ ಹತ್ತಿರದ ದಾರಿ. ವಿಮಾನ ಸಾಗಾಣಿಕೆಯ ವ್ಯಾಜ್ಯಗಳನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಟ್ರಾನ್ಸ್ ಮೆಡಿಟರೇನಿಯನ್ ಏರ್‌ವೇಸ್ ಮತ್ತು ಯೂನಿವರ್ಸಲ್ ಎಕ್ಸ್‌ಪೋರ್ಟ್ಸ್ ನಡುವಿನ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಅದು ರಫ್ತುದಾರರೊಬ್ಬರ ಸರಕಿಗೇ ಸಂಬಂಧಿಸಿದ ಪ್ರಕರಣವಾಗಿತ್ತು.

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, ದೂರುದಾರ ತಾನು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶ ಕೊಟ್ಟಿತು. ಹೀಗಾಗಿ ಬಾಗೂರಿನವರು ಬೆಂಗಳೂರಿಗೆ ಅಲೆಯದೆ ಚಿತ್ರದುರ್ಗದ ಜಿಲ್ಲಾ ಆಯೋಗದ ಮುಂದೆ ಹೋಗಬಹುದು. ಆಯೋಗದ ಶುಲ್ಕ ನಿರ್ಧಾರವಾಗುವುದು ಕೇಳುವ ಪರಿಹಾರದಿಂದಲ್ಲ, ಸೇವೆಗೆ ತೆತ್ತ ಹಣದಿಂದ. ಐದು ಲಕ್ಷದೊಳಗಿನ ಟಿಕೆಟ್ಟಿಗೆ ಶುಲ್ಕವಿಲ್ಲ.

ವರ್ತಕರ ದೂರಿಗೆ ಇಲ್ಲಿ ಒಂದು ನಿಜವಾದ ಅಡಚಣೆಯಿದೆ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವನು ಅಧಿನಿಯಮದ ಅರ್ಥದಲ್ಲಿ ಗ್ರಾಹಕನಲ್ಲ. ಮೇಳಕ್ಕೆ ಹೋದವರ ವಿಷಯದಲ್ಲಿ ಸಂಸ್ಥೆಯ ಮೊದಲ ಆಕ್ಷೇಪ ಇದೇ ಆಗಬಹುದು. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವವರಿಗೆ ಕಾಯಿದೆಯಲ್ಲಿಯೇ ವಿನಾಯಿತಿಯಿದೆ. ವ್ಯವಹಾರದ ಪ್ರಧಾನ ಉದ್ದೇಶವೇನು, ಅದಕ್ಕೆ ಲಾಭ ಗಳಿಕೆಯೊಂದಿಗೆ ನೇರ ಸಂಬಂಧವಿದೆಯೇ ಎಂಬುದನ್ನು ಪ್ರತಿ ಪ್ರಕರಣದಲ್ಲಿಯೂ ನೋಡಬೇಕೆಂದು ಸುಪ್ರೀಂ ಕೋರ್ಟ್ 2019ರ ಲೀಲಾವತಿ ಕೀರ್ತಿಲಾಲ್ ಮೆಹ್ತಾ ಟ್ರಸ್ಟ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ತಾನೇ ದುಡಿದು ನಡೆಸುವ ಕಿರು ಉದ್ಯಮ ಇದೆಂಬುದನ್ನು ದೂರಿನ ಮೊದಲ ಭಾಗದಲ್ಲಿಯೇ ಉದ್ಯಮ ನೋಂದಣಿ ಪತ್ರದೊಡನೆ ನಿರೂಪಿಸಬೇಕು. ಕಂಪನಿಯ ಹೆಸರಿನಲ್ಲಿ ಟಿಕೆಟ್ ಕೊಂಡ ದೊಡ್ಡ ಸಂಸ್ಥೆಗಳಿಗೆ ಸಿವಿಲ್ ನ್ಯಾಯಾಲಯವೇ ಸೂಕ್ತ ದಾರಿಯಾಗಬಹುದು.

ದೇಶೀಯ ಪ್ರಯಾಣದಲ್ಲಿ ಆಯೋಗಗಳು ಹೇಗೆ ನೋಡುತ್ತವೆಂಬುದಕ್ಕೆ ಬೆಂಗಳೂರಿನ ಒಂದು ಪ್ರಕರಣ ನಿದರ್ಶನ. 2021ರ ನವೆಂಬರ್‌ನಲ್ಲಿ ಬೆಂಗಳೂರಿನ ದಂಪತಿಗಳು ಇಂಡಿಗೊ ವಿಮಾನದಲ್ಲಿ ಪೋರ್ಟ್ ಬ್ಲೇರ್‌ಗೆ ಹೋದಾಗ ಅವರ ಸಾಮಾನು ಜೊತೆಗೆ ಬರಲಿಲ್ಲ. ಬಟ್ಟೆಗಳು ಮತ್ತು ದ್ವೀಪಕ್ಕೆ ಹೋಗುವ ದೋಣಿಯ ಟಿಕೆಟ್ಟುಗಳು ಅದರಲ್ಲಿದ್ದವು. ಸಾಮಾನು ಕೊನೆಗೆ ತಡವಾಗಿ ಕೈಸೇರಿತಾದರೂ ರಜೆಯ ದಿನಗಳು ಕಳೆದಿದ್ದವು. 2023ರಲ್ಲಿ ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗ ಪರಿಹಾರ, ಮನಃಕ್ಲೇಶ ಮತ್ತು ವ್ಯಾಜ್ಯ ವೆಚ್ಚ ಸೇರಿ 70,000 ರೂಪಾಯಿ ನೀಡಬೇಕೆಂದು ಆದೇಶಿಸಿತು. ಈ ಮೊತ್ತ 20,000 ರೂಪಾಯಿಯ ಮಿತಿಗಿಂತ ಹೆಚ್ಚು. ಆದರೂ ಜಿಲ್ಲಾ ಆಯೋಗದ ಆದೇಶ ಇತರ ಆಯೋಗಗಳನ್ನು ಬಂಧಿಸುವುದಿಲ್ಲ. ಮಿತಿಯನ್ನು ಮೀರಿ ದೊರೆಯುವುದು ನಿಶ್ಚಿತವೆಂದು ಲೆಕ್ಕ ಹಾಕಬಾರದು.

ಹೊರಡುವ ಮುನ್ನ

ಪೆಟ್ಟಿಗೆಯಲ್ಲಿರುವ ಮಾದರಿಗಳ ಬೆಲೆ ಮಿತಿಗಿಂತ ಹೆಚ್ಚೆನಿಸಿದರೆ, ಚೆಕ್-ಇನ್ ವೇಳೆ ವಿಶೇಷ ಮೌಲ್ಯ ಘೋಷಣೆ ಮಾಡಿ, ಸಂಸ್ಥೆ ಕೇಳಿದರೆ ಹೆಚ್ಚುವರಿ ಶುಲ್ಕ ತೆರಲು 22(2)ನೇ ವಿಧಿ ಅವಕಾಶ ಕೊಡುತ್ತದೆ. ಆಗ ಘೋಷಿಸಿದ ಮೊತ್ತವೇ ಮಿತಿಯಾಗುತ್ತದೆ. ಕೌಂಟರಿನ ಸಿಬ್ಬಂದಿಗೆ ಈ ನಮೂನೆ ಅಪರಿಚಿತವಾಗಿರಬಹುದಾದ್ದರಿಂದ ಮುಂಚಿತವಾಗಿ ಬರೆದು ಕೇಳುವುದು ಒಳ್ಳೆಯದು. ಮಾದರಿಗಳನ್ನು ಏರ್ ಕಾರ್ಗೋ ಮೂಲಕ ಬೇರೆ ಕಳುಹಿಸಿದರೆ ಹೆಚ್ಚು ರಕ್ಷಣೆಯೆಂಬುದು ತಪ್ಪು ಕಲ್ಪನೆ. ಸರಕಿಗೆ ಮಿತಿ ಕಿಲೋಗೆ 26 ಎಸ್.ಡಿ.ಆರ್.; 12 ಕಿಲೋ ಮಾದರಿಗೆ 312 ಎಸ್.ಡಿ.ಆರ್. ಮಾತ್ರ. ಅಲ್ಲಿಯೂ ಮೌಲ್ಯ ಘೋಷಣೆ ಅಥವಾ ಸಾಗಣೆ ವಿಮೆ ಬೇಕು.

ವ್ಯಾಪಾರದ ಕಾಗದಪತ್ರ, ಮಾದರಿ, ಬೆಲೆಬಾಳುವ ವಸ್ತುಗಳನ್ನು ಚೆಕ್-ಇನ್ ಸಾಮಾನಿನಲ್ಲಿಟ್ಟರೆ ಹೊಣೆಯಿಲ್ಲವೆಂದು ಅನೇಕ ಸಂಸ್ಥೆಗಳ ಷರತ್ತುಗಳಲ್ಲಿ ಬರೆದಿರುತ್ತದೆ. ಸಾಗಣೆದಾರನ ಹೊಣೆಯನ್ನು ತಪ್ಪಿಸುವ ಅಥವಾ ಮಿತಿಯನ್ನು ತಗ್ಗಿಸುವ ಷರತ್ತು ಅಸಿಂಧುವೆಂದು ಒಪ್ಪಂದದ 26ನೇ ವಿಧಿ ಹೇಳುವುದರಿಂದ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಈ ಷರತ್ತನ್ನು ಪ್ರಶ್ನಿಸಬಹುದು. ಆದರೆ ಅದು ವರ್ಷಗಳ ವಾದ. ಪ್ರತಿ ಬಗೆಯ ಒಂದೊಂದು ಮಾದರಿಯನ್ನು ಮತ್ತು ಹತ್ತು ಕ್ಯಾಟಲಾಗುಗಳನ್ನು ಕೈಚೀಲದಲ್ಲಿ ಒಯ್ದಿದ್ದರೆ ಉದಾಹರಣೆಯ ಉದ್ಯಮಿಗೆ ಮೇಳದ ಮೊದಲ ದಿನ ತೋರಿಸಲು ಏನಾದರೂ ಇರುತ್ತಿತ್ತು. ಸೂಟ್‌ಕೇಸನ್ನು ಮುಚ್ಚುವ ಮುನ್ನ ತೆರೆದ ಸ್ಥಿತಿಯಲ್ಲಿ ಮೊಬೈಲಿನಿಂದ ತೆಗೆದ ನಾಲ್ಕು ಚಿತ್ರಗಳು, ಮನೆಯಲ್ಲಿ ಬಿಟ್ಟುಬಂದ ಬಿಲ್ಲುಗಳ ಒಂದು ಲಕೋಟೆ ಮತ್ತು ಕೌಂಟರಿನಲ್ಲಿ ನಮೂದಾದ ತೂಕ, ಈ ಮೂರು ಕೈಯಲ್ಲಿದ್ದರೆ ಮೇಲಿನ ಪಟ್ಟಿಯನ್ನು ಒಂದು ಸಂಜೆಯಲ್ಲಿ ಸಿದ್ಧಪಡಿಸಬಹುದು.